ಉಸ್ತಾದರು ಹೇಳಿದ ಮೇಲೆ ನಿರೂಪಕರಿಗೆ ಉಳಿಯುವ ಮಾತು

ಕರಕುಶಲ ಕಲೆಗಳ ಬಗೆಗಿನ ಸಾಕ್ಷ್ಯಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ದೋಷವಿದೆ. ಬೀದರಿನ ಕುಶಲಕರ್ಮಿಯೊಬ್ಬರು ಕ್ಯಾಮೆರಾದ ಎದುರು ಕುಳಿತು, 'ಕಿಲ್ಲಾದಾಗಿನ ಮಣ್ಣಿಂದಽ ಈ ಕಪ್ಪು ಬರ್ತದರಿ' ಎನ್ನುತ್ತಾರೆ. ಅವರ ಮಾತು ಮುಗಿಯುತ್ತಿದ್ದಂತೆ ಹಿನ್ನೆಲೆಯಿಂದ ಗಂಭೀರ ಧ್ವನಿಯೊಂದು, 'ಬಿದ್ರಿ ಕಲೆಗೆ ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ವಿಶೇಷ ಮಣ್ಣಿನಿಂದ' ಎನ್ನುತ್ತದೆ. ಅದೇ ಹೊತ್ತಿಗೆ ತೆರೆಯ ಮೇಲೆ ಮಣ್ಣು ಅಗೆಯುವ ಕೈ ಕಾಣುತ್ತದೆ. ಒಂದೇ ಸಂಗತಿ ಮೂರು ಬಾರಿ ಬಂದಾಗ ಮೂರನೆಯ ಸಲಕ್ಕೆ ನೋಡುಗರ ಗಮನ ಚದುರಿರುತ್ತದೆ. ಆ ಕುಶಲಕರ್ಮಿಯ ಮಾತಿಗೂ ಪೆಟ್ಟು ಬೀಳುತ್ತದೆ. ನಿರೂಪಕರು ಶಿಷ್ಟ ಕನ್ನಡದಲ್ಲಿ ಅದನ್ನೇ ಮತ್ತೆ ಹೇಳಿದಾಗ, ಅವರು ಹೇಳಿದ್ದು ಸಾಲದಾಗಿತ್ತು ಎಂಬ ಅರ್ಥ ಹೊರಡುತ್ತದೆ.

ಈ ಪುನರುಕ್ತಿಗೆ ಬರಹಗಾರರ ಸೋಮಾರಿತನವಷ್ಟೇ ಕಾರಣವಲ್ಲ. ನಿರೂಪಣೆ ಹುಟ್ಟುವ ಕ್ರಮದಲ್ಲೇ ಅದು ಅಡಗಿದೆ. ಚಿತ್ರಕ್ಕೆ ಹಣ ಕೇಳುವಾಗ ಒಂದು ಬರಹ ಕೊಡಬೇಕಾಗುತ್ತದೆ. ಅದಕ್ಕಾಗಿ ಓದಿ, ವಿಚಾರಿಸಿ ಟಿಪ್ಪಣಿ ಮಾಡಿಕೊಳ್ಳುತ್ತೇವೆ. ಚಿತ್ರೀಕರಣಕ್ಕೆ ಹೋದಾಗ ಅದೇ ಟಿಪ್ಪಣಿಯಿಂದ ಪ್ರಶ್ನೆಗಳನ್ನು ಕೇಳುತ್ತೇವೆ, ಕುಶಲಕರ್ಮಿ ಅದೇ ಉತ್ತರಗಳನ್ನು ಕೊಡುತ್ತಾರೆ. ಹಿಂತಿರುಗಿ ಬಂದು ನಿರೂಪಣೆ ಬರೆಯುವಾಗ ಮತ್ತೆ ಅದೇ ಟಿಪ್ಪಣಿಯನ್ನು ತೆರೆಯುತ್ತೇವೆ. ಮೂಲ ಒಂದೇ ಆದಮೇಲೆ ಎರಡೂ ಕಡೆ ಅದೇ ಮಾತು ಬರದೆ ಇನ್ನೇನಾದೀತು?

ಇದರ ಹಿಂದೆ ಹಳೆಯ ರೂಢಿಯೊಂದೂ ಇದೆ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್‌ನ ಆರಂಭದ ದಶಕಗಳಲ್ಲಿ, ಬಯಲಿನಲ್ಲಿ ಚಿತ್ರದ ಜೊತೆಗೇ ಮಾತನ್ನು ಮುದ್ರಿಸುವುದು ದುಬಾರಿಯೂ ಕಷ್ಟವೂ ಆಗಿತ್ತು. ನೇಕಾರರು, ಕುಂಬಾರರು ತೆರೆಯ ಮೇಲೆ ಮೌನವಾಗಿ ಕೆಲಸ ಮಾಡುತ್ತಿದ್ದರು, ಸ್ಟುಡಿಯೋದ ಧ್ವನಿ ಎಲ್ಲವನ್ನೂ ವಿವರಿಸುತ್ತಿತ್ತು. ಅಂದು ಅದು ಅನಿವಾರ್ಯ. ಇಂದು ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕಿನಿಂದ ಕುಶಲಕರ್ಮಿಯ ಉಸಿರೂ ದಾಖಲಾಗುತ್ತದೆ. ಆದರೂ ನಿರೂಪಣೆ ಮಾತ್ರ, ಅವರಿಗೆ ಬಾಯಿಯೇ ಇಲ್ಲವೆಂಬಂತೆ ಎಲ್ಲವನ್ನೂ ತಾನೇ ಹೇಳಲು ಹೊರಡುತ್ತದೆ.

ಹಾಗಾದರೆ ನಿರೂಪಣೆಯಲ್ಲಿ ಏನಿರಬೇಕು? ಬಿದ್ರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೊದಲು ಕೆಲಸದ ಕ್ರಮ

ಬಿದ್ರಿಯ ಮೂಲ ಲೋಹದಲ್ಲಿ ಸತುವೇ ಹೆಚ್ಚು. ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲು ಸತುವಿಗೆ 1 ಪಾಲು ತಾಮ್ರ. ಇದನ್ನು ಕರಗಿಸಿ ಮರಳಿನ ಅಚ್ಚಿಗೆ ಹೊಯ್ದು ಹೂದಾನಿ, ತಟ್ಟೆ, ಡಬ್ಬಿಗಳ ಆಕಾರ ಪಡೆಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚುತ್ತಾರೆ. ಆಗ ಮೈ ಕಪ್ಪಾಗುತ್ತದೆ. ಅದರ ಮೇಲೆ ಚೂಪಾದ ಮೊನೆಯಿಂದ ಬಳ್ಳಿ, ಹೂವು, ಎಲೆಗಳನ್ನು ಗೀಚಿ, ಆ ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆಯುತ್ತಾರೆ. ಕೊರೆದ ಜಾಗಕ್ಕೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಮೈಲುತುತ್ತದ ಕಪ್ಪು ಹೋಗಿ ಇಡೀ ವಸ್ತು ಬೆಳ್ಳಗಾಗುತ್ತದೆ. ಕೊನೆಯಲ್ಲಿ ಅದನ್ನು ಹದವಾಗಿ ಬಿಸಿ ಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಿಂದ ಉಪಚರಿಸಿದಾಗ ಮೂಲ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಕ್ರಮದಲ್ಲಿ ಲೋಹ ಎರಡು ಬಾರಿ ಕಪ್ಪಾಗುತ್ತದೆ. ಮೊದಲನೆಯದು ಗೆರೆ ಕಾಣಲೆಂದು ಮಾಡುವ ತಾತ್ಕಾಲಿಕ ಕಪ್ಪು, ಎರಡನೆಯದು ಉಳಿಯುವ ಕಪ್ಪು. ತೆರೆಯ ಮೇಲೆ ನೋಡುವವರಿಗೆ ಎರಡೂ ಒಂದೇ. ಮೊದಲ ಸಲ ಕಪ್ಪಾದಾಗಲೇ 'ಓ, ಬಿದ್ರಿಯ ಕಪ್ಪು ಇದೇ' ಎಂದುಕೊಂಡವರು, ಮುಂದೆ ಅದು ಅಳಿಸಿಹೋದಾಗ ಗಲಿಬಿಲಿಗೊಳ್ಳುತ್ತಾರೆ. ಕುಶಲಕರ್ಮಿಗೆ ಈ ಗೊಂದಲ ಹೊಳೆಯುವುದೇ ಇಲ್ಲ. ಬಾಲ್ಯದಿಂದ ಮಾಡಿಕೊಂಡು ಬಂದ ಕೆಲಸದಲ್ಲಿ ಇದನ್ನೂ ಬಿಡಿಸಿ ಹೇಳಬೇಕು ಎಂದು ಅವರಿಗೆ ಯಾಕೆ ಅನ್ನಿಸಬೇಕು?

ನಿರೂಪಣೆಯ ಜಾಗ ಇರುವುದು ಇಂಥಲ್ಲಿ. ಕುಶಲಕರ್ಮಿಗೆ ಹೇಳಬೇಕೆಂದು ತೋಚದಷ್ಟು ರೂಢಿಯಾದದ್ದು, ಅವರ ಕೋಣೆಯ ಹೊರಗೆ ನಡೆದದ್ದು, ಕ್ಯಾಮೆರಾದ ಕಣ್ಣಿಗೆ ಬೀಳದ್ದು – ಈ ಮೂರೇ ನಿರೂಪಕರ ಪಾಲು. ಮಿಕ್ಕದ್ದು ಉಸ್ತಾದರದ್ದು ಅಥವಾ ಚಿತ್ರದ್ದು.

ಬಣ್ಣದ ಪೆನ್ನಿನ ಕೆಲಸ

ಈ ಪಾಲು ಹಂಚಿಕೆಯನ್ನು ಮನಸ್ಸಿನಲ್ಲೇ ಮಾಡಲು ಹೋದರೆ ತಪ್ಪುತ್ತದೆ, ಕಾಗದದ ಮೇಲೇ ಮಾಡಬೇಕು. ಸಂದರ್ಶನಗಳನ್ನು ಪೂರ್ತಿಯಾಗಿ, ಅವರ ಆಡುಮಾತಿನಲ್ಲೇ, ಟೈಮ್‌ಕೋಡ್ ಸಮೇತ ಬರೆದುಕೊಳ್ಳುವುದು ಮೊದಲ ಹೆಜ್ಜೆ. ಸಂಕಲನಕಾರರು ಸಂದರ್ಶನ ಮತ್ತು ದೃಶ್ಯಗಳನ್ನಷ್ಟೇ ಜೋಡಿಸಿ ನಿರೂಪಣೆಯಿಲ್ಲದ ಒಂದು ರಫ್ ಕಟ್ ಮಾಡುವುದು ಎರಡನೆಯದು. ಅಲ್ಲಿಯವರೆಗೆ ನಿರೂಪಣೆಯ ಒಂದು ಸಾಲನ್ನೂ ಬರೆಯದಿರುವುದು ಒಳ್ಳೆಯದು, ಬರೆದಿದ್ದರೆ ಅದನ್ನು ಬದಿಗಿಡುವುದು ಒಳ್ಳೆಯದು.

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಂಬಗಳು. ಮೊದಲನೆಯದರಲ್ಲಿ ತೆರೆಯ ಮೇಲೆ ಏನು ಕಾಣುತ್ತದೆ ಎಂಬುದು, ಎರಡನೆಯದರಲ್ಲಿ ಯಾರು ಏನು ಹೇಳುತ್ತಾರೆ ಎಂಬುದು. ಮೂರನೆಯದು ಖಾಲಿ, ನಿರೂಪಣೆಗಾಗಿ. ಮೊದಲೆರಡು ಕಂಬಗಳಲ್ಲಿ ಬಂದ ಪ್ರತಿ ಮಾಹಿತಿಗೂ ಬಣ್ಣದ ಪೆನ್ನಿನಿಂದ ಗೆರೆ ಎಳೆಯಬೇಕು. ಗೆರೆ ಬಿದ್ದದ್ದು ಮೂರನೆಯ ಕಂಬಕ್ಕೆ ಬರಕೂಡದು. ಬಳಿಕ, ಕಲೆಯ ಪರಿಚಯವೇ ಇಲ್ಲದ ಯಾರಿಗಾದರೂ ಆ ರಫ್ ಕಟ್ ತೋರಿಸಿ, ಎಲ್ಲೆಲ್ಲಿ ಅರ್ಥವಾಗಲಿಲ್ಲ ಎಂದು ಕೇಳಬೇಕು. ಅವರು ಎತ್ತುವ ಪ್ರಶ್ನೆಗಳೇ ಮೂರನೆಯ ಕಂಬದ ಪಟ್ಟಿ.

ಒಂದು ದೃಶ್ಯದ ತಿದ್ದುಪಡಿ

ಕಪ್ಪು ಮಾಡುವ ದೃಶ್ಯವನ್ನು ಎತ್ತಿಕೊಳ್ಳೋಣ. ವಿವರಣೆಯ ಅನುಕೂಲಕ್ಕೆಂದು ನಾನೇ ಕಟ್ಟಿಕೊಂಡ ದೃಶ್ಯವಿದು. ಆದರೆ ಬಿದ್ರಿಯ ಚಿತ್ರೀಕರಣಕ್ಕೆ ಹೋದ ಯಾರಿಗೂ ಸಿಗುವ ಸಾಮಗ್ರಿಯೇ ಇದರಲ್ಲಿದೆ. ಉಸ್ತಾದರು ಕೋಟೆಯ ಹಳೆಯ ಕತ್ತಲೆ ಕೋಣೆಯಲ್ಲಿ ಮಣ್ಣು ಅಗೆದು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಕಾರ್ಖಾನೆಯಲ್ಲಿ ಆ ಮಣ್ಣಿಗೆ ನೀರು, ಒಂದು ಬಿಳಿ ಪುಡಿ ಬೀಳುತ್ತದೆ. ಬೆಳ್ಳನೆಯ ಹೂದಾನಿಯನ್ನು ಬಿಸಿ ಮಾಡಿ ಆ ಕಲಸು ಹಚ್ಚುತ್ತಾರೆ. ತೊಳೆದಾಗ ಕಪ್ಪು ಮೈಯ ಮೇಲೆ ಬೆಳ್ಳಿ ಬಳ್ಳಿ ಎದ್ದು ಕಾಣುತ್ತದೆ. ಒಟ್ಟು ಎರಡೂವರೆ ನಿಮಿಷ. ನಡುವೆ ಉಸ್ತಾದರ ಮಾತು:

'ಮಳಿ, ಬಿಸಲು ಬೀಳದ ಜಾಗಾದಾಗಿನ ಮಣ್ಣು ಬೇಕ್ರಿ. ನಾಲಿಗಿ ಮ್ಯಾಲ ಇಟ್ಟು ನೋಡ್ತೀವಿ. ರುಚಿ ಹತ್ತಿತಂದ್ರ ನಡೀತದ, ಇಲ್ಲಾಂದ್ರ ಬಿಟ್ಟು ಬರ್ತೀವಿ. ನಮ್ಮ ಅಬ್ಬಾ ಹಿಂಗಽ ತೋರಿಸಿಕೊಟ್ಟಿದ್ರು.'

ಟಿಪ್ಪಣಿಯಿಂದ ನೇರವಾಗಿ ಇಳಿದುಬರುವ ಮೊದಲ ಕರಡು ಹೀಗಿರುತ್ತದೆ:

'ಶತಮಾನಗಳಿಂದ ಮಳೆ, ಬಿಸಿಲು ಕಾಣದ ಕೋಟೆಯ ವಿಶೇಷ ಮಣ್ಣನ್ನು ಕುಶಲಕರ್ಮಿಗಳು ರುಚಿ ನೋಡಿ ಆರಿಸುತ್ತಾರೆ. ಇದನ್ನು ನವಸಾಗರದೊಂದಿಗೆ ಬೆರೆಸಿ ಹೂದಾನಿಗೆ ಹಚ್ಚಿದಾಗ ಅದು ಕಡುಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯುತ್ತದೆ. ತಲೆಮಾರುಗಳಿಂದ ಬಂದ ಈ ಅಪರೂಪದ ಜ್ಞಾನ ಇಂದು ಅಳಿವಿನಂಚಿನಲ್ಲಿದೆ.'

ಈ ನಾಲ್ಕು ವಾಕ್ಯಗಳಲ್ಲಿ ಸುಳ್ಳಾದದ್ದು ಒಂದೂ ಇಲ್ಲ, ಆದರೂ ಬಹುಪಾಲು ಬೇಡವಾದದ್ದೇ. ಮೊದಲ ವಾಕ್ಯವನ್ನು ಉಸ್ತಾದರು ಆಗಲೇ ಹೇಳಿದ್ದಾರೆ, ಅಬ್ಬಾನ ನೆನಪಿನ ಜೊತೆ ಹೇಳಿದ್ದಾರೆ. ಎರಡನೆಯದರಲ್ಲಿ ಅರ್ಧ ಚಿತ್ರದಲ್ಲೇ ಇದೆ. ಅಲ್ಲಿ ಹೊಸ ಮಾಹಿತಿ ಒಂದೇ ಒಂದು ಪದ, ನವಸಾಗರ. ಆ ಬಿಳಿ ಪುಡಿ ಏನೆಂದು ಯಾರೂ ಹೇಳಿಲ್ಲ. ಮೂರನೆಯ ವಾಕ್ಯ ದೃಶ್ಯದ ಜೀವವನ್ನೇ ತೆಗೆಯುತ್ತದೆ. ತೊಳೆಯುವ ನೀರಿನಡಿ ಬೆಳ್ಳಿ ಬಳ್ಳಿ ಕಾಣಿಸಿಕೊಳ್ಳುವುದನ್ನು ನೋಡುಗರು ತಾವೇ ಕಂಡುಕೊಳ್ಳಬೇಕು, ಆದರೆ ಈ ಕರಡು ಅದನ್ನು ಮೊದಲೇ ಹೇಳಿಬಿಟ್ಟಿದೆ. ನಾಲ್ಕನೆಯ ವಾಕ್ಯವನ್ನು ಎತ್ತಿ ಯಾವ ಕಲೆಯ ಚಿತ್ರದಲ್ಲಿಟ್ಟರೂ ಹೊಂದುತ್ತದೆ, ಆದ್ದರಿಂದ ಅದು ಬಿದ್ರಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಇನ್ನು ದೃಶ್ಯವನ್ನು ಹೊಸಬರ ಕಣ್ಣಿನಿಂದ ನೋಡಿದರೆ ಏನೇನು ಬಾಕಿ? ಆ ಪುಡಿ ಯಾವುದು ಎಂಬುದು ಒಂದು. ಬೆಳ್ಳನೆಯ ಹೂದಾನಿಯಲ್ಲಿ ಬೆಳ್ಳಿ ಆಗಲೇ ಕೂತಿದೆ, ಆದರೆ ಸತುವಿನ ಬಿಳುಪಿನಲ್ಲಿ ಕಾಣುತ್ತಿಲ್ಲ ಎಂಬುದು ಇನ್ನೊಂದು. ಇದು ತಿಳಿಯದಿದ್ದರೆ ಮುಂದೆ ಆಗುವ ಬದಲಾವಣೆಯ ಬೆರಗು ಅರ್ಧವಾಗುತ್ತದೆ. ಮೂರನೆಯದು, ಕಪ್ಪಾಗುವುದು ಯಾಕೆ ಎಂಬ ಪ್ರಶ್ನೆ. ಮಣ್ಣಿನ ಪಾತ್ರವನ್ನು ಉಸ್ತಾದರು ಹೇಳಿದ್ದಾರೆ, ಲೋಹದ ಪಾತ್ರವನ್ನು ಹೇಳಿಲ್ಲ. ಬಿದ್ರಿ ವಸ್ತುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸುಸಾನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ 1987ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತುವಿನಲ್ಲಿ ಬೆರೆತ ಅಲ್ಪ ತಾಮ್ರವೇ ಈ ಕಪ್ಪು ಪದರಕ್ಕೆ ಆಧಾರ. ಹೀಗೆ ತಿದ್ದಿದ ನಿರೂಪಣೆ ಮೂರು ತುಣುಕುಗಳಾಗುತ್ತದೆ.

ಪುಡಿ ಬೀಳುವಾಗ: 'ಮಣ್ಣಿನ ಜೊತೆಗೆ ನವಸಾಗರ.'

ಬೆಳ್ಳನೆಯ ಹೂದಾನಿ ಕಂಡಾಗ: 'ಬೆಳ್ಳಿಯ ಬಳ್ಳಿ ಆಗಲೇ ಇದರ ಮೈಮೇಲಿದೆ. ಸತುವೂ ಬಿಳಿ, ಬೆಳ್ಳಿಯೂ ಬಿಳಿ.'

ಕಲಸು ಹಚ್ಚಲು ಶುರು ಮಾಡಿದಾಗ: 'ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿದ್ದರು. ಆ ಒಂದು ಪಾಲಿನ ಕೆಲಸ ಈಗ.'

ಅಲ್ಲಿಂದ ತೊಳೆದು ಮುಗಿಯುವ ತನಕ ನಿರೂಪಕರು ಮಾತಾಡುವುದಿಲ್ಲ. ಉಸ್ತಾದರ ಮಾತಿನ ಮೇಲೆ ನಾವು ಏನನ್ನೂ ಹೇರಲಿಲ್ಲ. 'ಮಣ್ಣಲ್ಲ, ತಾಮ್ರ' ಎಂದು ಅವರನ್ನು ತಿದ್ದಲೂ ಇಲ್ಲ. ಅವರು ನಾಲಿಗೆಯಿಂದ ಅರಿತದ್ದು ಅವರ ಬಾಯಲ್ಲಿ ಉಳಿಯಿತು, ಪ್ರಯೋಗಾಲಯ ಕಂಡದ್ದು ಅದರ ಪಕ್ಕದಲ್ಲಿ ಬಂದು ನಿಂತಿತು.

ಕನ್ನಡ ವಾಕ್ಯ ಮತ್ತು ಶಾಟಿನ ಉದ್ದ

ತಿದ್ದಿದ ಸಾಲುಗಳು ಅಷ್ಟು ಚಿಕ್ಕದಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಓದುವಾಗ ಇದು ತೊಡಕಲ್ಲ, ತೆರೆಯ ಮೇಲೆ ತೊಡಕಾಗುತ್ತದೆ. 'ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡ ಹೂದಾನಿಯ ಮೈಮೇಲೆ ಉಸ್ತಾದರು ಚೂಪಾದ ಮೊನೆಯಿಂದ ಬಳ್ಳಿಯ ಚಿತ್ರವನ್ನು ಬಿಡಿಸುತ್ತಾರೆ' ಎಂದು ಬರೆದರೆ, 'ಬಿಡಿಸುತ್ತಾರೆ' ಎನ್ನುವಷ್ಟರಲ್ಲಿ ಶಾಟ್ ಬದಲಾಗಿ ಕೊರೆಯುವ ಉಳಿ ಬಂದಿರುತ್ತದೆ. ಕಿವಿ ಹಿಂದಿನ ಶಾಟಿನಲ್ಲಿ, ಕಣ್ಣು ಮುಂದಿನದರಲ್ಲಿ.

ಇದನ್ನು ಬಿಡಿಸಿಕೊಳ್ಳುವ ದಾರಿ ಸುಲಭ. ಬಿಡಿಸುವ ಕೈ, ಮೊನೆ, ಬಳ್ಳಿ ಎಲ್ಲವೂ ಚಿತ್ರದಲ್ಲೇ ಕಾಣುವುದರಿಂದ ಅವುಗಳನ್ನು ಹೇಳುವ ಅಗತ್ಯವಿಲ್ಲ. ಉಳಿಯುವುದು ಇಷ್ಟು: 'ಮೈಲುತುತ್ತದ ನೀರು. ಈ ಕಪ್ಪು ಉಳಿಯುವುದಿಲ್ಲ, ಗೆರೆ ಕಾಣಲೆಂದು ಅಷ್ಟೇ.' ಎರಡು ಕಪ್ಪುಗಳ ಗೊಂದಲವೂ ಇಲ್ಲೇ ಬಗೆಹರಿಯಿತು. ಬರೆದ ಸಾಲನ್ನು ಗಟ್ಟಿಯಾಗಿ ಓದಿ ಅಳೆಯಬೇಕು. ಓದಲು ಹಿಡಿದ ಸಮಯ ಶಾಟಿನ ಉದ್ದದ ಅರ್ಧಕ್ಕಿಂತ ಹೆಚ್ಚಾದರೆ ನಾನು ಪದಗಳನ್ನು ಕಡಿಯುತ್ತೇನೆ. ಉಳಿದರ್ಧ ಸುತ್ತಿಗೆ, ಅರ, ಕುಲುಮೆಯ ಸದ್ದಿಗೆ ಬೇಕು. ಆ ಸದ್ದೂ ಮಾಹಿತಿಯೇ. ಬೆಳ್ಳಿ ತಂತಿಯನ್ನು ಕೂರಿಸುವ ಬಡಿತ ಎಷ್ಟು ಹಗುರ, ಉಳಿಯ ಏಟು ಎಷ್ಟು ಚುರುಕು ಎಂಬುದನ್ನು ಅದು ಪದವಿಲ್ಲದೆ ತಿಳಿಸುತ್ತದೆ.

ಡಚ್ ನಿರ್ದೇಶಕ ಬರ್ಟ್ ಹಾನ್ಸ್ಟ್ರಾ ಅವರ 1958ರ ಕಿರುಚಿತ್ರ 'ಗ್ಲಾಸ್' ಇದಕ್ಕೆ ಒಳ್ಳೆಯ ಸಾಕ್ಷಿ. ಗಾಜು ಊದುವವರ ಕೆಲಸವನ್ನು ಅದು ವಿವರಣೆಯ ಧ್ವನಿಯಿಲ್ಲದೆ, ಚಿತ್ರ ಮತ್ತು ಸಂಗೀತದಲ್ಲೇ ತೋರಿಸಿ ಆಸ್ಕರ್ ಪಡೆಯಿತು. ಕೈಕೆಲಸದ ಕ್ರಮವನ್ನು ತೋರಿಸಲು ನಿರೂಪಕರೇ ಬೇಡ ಎಂಬುದು ಆ ಚಿತ್ರದಿಂದ ಗೊತ್ತಾಗುತ್ತದೆ. ಆದರೆ ಕೆಲಸ ಕಡಿಮೆಯಾಗಲು ಕಾರಣವೇನು, ಕೂಲಿ ಎಷ್ಟು, ಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೆ ಆ ಬಗೆಯ ಚಿತ್ರ ಉತ್ತರ ಕೊಡಲಾರದು. ಅವು ನಿರೂಪಕರ ಪ್ರಶ್ನೆಗಳು.

'ಅಳಿವಿನಂಚು' ಎಂಬ ಮಾತು

ಮರೆಯಾಗುತ್ತಿರುವ ಕಲೆಯ ಚಿತ್ರದಲ್ಲಿ ಅತಿ ಹೆಚ್ಚು ಸಲ ಬರುವ ಮಾತೂ ಅದೇ, ಮರೆಯಾಗುತ್ತಿದೆ ಎಂಬುದು. ಉಸ್ತಾದರು ಹೇಳುತ್ತಾರೆ, ಅವರ ಮಗ ಹೇಳುತ್ತಾನೆ, ಅಧಿಕಾರಿ ಹೇಳುತ್ತಾರೆ. ಇದರ ಮೇಲೆ ನಿರೂಪಕರೂ ಹೇಳಿದರೆ ನೋವು ಹೆಚ್ಚುವುದಿಲ್ಲ, ಸವೆಯುತ್ತದೆ. 'ಹುಡುಗ್ರು ಈ ಕೆಲಸಕ್ಕ ಬರವಲ್ಲರು' ಎಂದು ಉಸ್ತಾದರು ಹೇಳಿದ ಮೇಲೆ ನಿರೂಪಕರು ಮಾಡಬೇಕಾದದ್ದು ಕಾರಣದತ್ತ ಒಂದು ಹೆಜ್ಜೆ ಇಡುವುದು.

ಬಿದ್ರಿಯ ಮಟ್ಟಿಗೆ ಆ ಕಾರಣಗಳು ಕಾರ್ಖಾನೆಯ ಹೊರಗಿವೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಂಥ ಕಡೆ ಇರುವ ಹಳೆಯ ಬಿದ್ರಿ ಸಂಗ್ರಹಗಳಲ್ಲಿ ಹುಕ್ಕಾದ ಬುಡಗಳು ಎದ್ದು ಕಾಣುತ್ತವೆ. ಜೊತೆಗೆ ಪಾನ್‌ದಾನಿ, ಕೈತೊಳೆಯುವ ಹೂಜಿ. ಇವೆಲ್ಲ ನವಾಬರ, ಶ್ರೀಮಂತರ ಮನೆಗಳಲ್ಲಿ ದಿನವೂ ಕೈಯಾಡುತ್ತಿದ್ದ ವಸ್ತುಗಳು. ಆ ಮನೆಗಳ ಜೀವನಕ್ರಮ ಮುಗಿದಾಗ ಬಿದ್ರಿ ಬಳಕೆಯಿಂದ ಬೇರೆಯಾಗಿ ಉಡುಗೊರೆಯ, ಗಾಜಿನ ಕಪಾಟಿನ ವಸ್ತುವಾಯಿತು. ಉಡುಗೊರೆಯನ್ನು ಕೊಳ್ಳುವುದು ಯಾವಾಗಲೋ ಒಮ್ಮೆ. ಎರಡನೆಯದು ಬೆಳ್ಳಿ. ವಸ್ತು ಮಾರಾಟವಾಗುವ ಮೊದಲೇ ಕುಶಲಕರ್ಮಿ ಬೆಳ್ಳಿಗೆ ಹಣ ಹಾಕಿರಬೇಕು. ಬೆಲೆ ಏರಿದಂತೆಲ್ಲ ಆ ಹಣವೂ ಏರುತ್ತದೆ, ಕೂಲಿಯ ಪಾಲು ಕುಗ್ಗುತ್ತದೆ.

ಇದನ್ನು ನಿರೂಪಣೆಯಲ್ಲಿ ಹೀಗೆ ತರಬಹುದು. ಉಸ್ತಾದರ ಮಾತು 'ಬರವಲ್ಲರು' ಎಂದು ಮುಗಿಯುತ್ತದೆ. ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ಹೂದಾನಿಗಳು ಕಾಣುತ್ತವೆ. ನಿರೂಪಣೆ: 'ಒಂದು ಕಾಲಕ್ಕೆ ಬೀದರ್ ಹುಕ್ಕಾ ಮಾಡಿಕೊಡುತ್ತಿತ್ತು, ದಿನವೂ ಬೇಕಾದ ವಸ್ತು. ಇವು ಸನ್ಮಾನ, ಮದುವೆಗಳಿಗಾಗಿ ಕಾಯುತ್ತಿವೆ. ಇವುಗಳೊಳಗಿನ ಬೆಳ್ಳಿಯ ದುಡ್ಡು ಮಾಡಿದವರ ಕೈಯಿಂದ ಆಗಲೇ ಹೋಗಿದೆ.' ಇಲ್ಲಿ ಮರುಕದ ಒಂದು ಪದವೂ ಇಲ್ಲ, ಹುಡುಗರು ಬಾರದಿರುವುದರ ಲೆಕ್ಕ ಮಾತ್ರ ಸ್ಪಷ್ಟವಾಗುತ್ತದೆ.

ಇಸವಿ, ಪ್ರಶಸ್ತಿಗಳಿಗೆ ಧ್ವನಿಯನ್ನು ಖರ್ಚು ಮಾಡುವುದೂ ಬೇಡ. ಬಿದ್ರಿಯ ಹಿರಿಯ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು ಎಂಬುದನ್ನು ತೆರೆಯ ಕೆಳಗಿನ ಒಂದು ಸಾಲು ಅಚ್ಚುಕಟ್ಟಾಗಿ ಹೇಳುತ್ತದೆ.

ಮತ್ತೆ ಹೇಳಬೇಕಾದಾಗ

ಪುನರುಕ್ತಿ ಎಂದೂ ಕೂಡದೆಂಬ ನಿಯಮವೇನಿಲ್ಲ. ಬೀದರಿನ ಅನೇಕ ಕುಶಲಕರ್ಮಿಗಳ ಮನೆಮಾತು ದಖನಿ ಉರ್ದು. ಮನಸ್ಸಿನ ಮಾತನ್ನು ಅವರು ಆ ಭಾಷೆಯಲ್ಲೇ ಆಡುತ್ತಾರೆ. ಆಗ ಅವರ ಧ್ವನಿಯನ್ನು ತಗ್ಗಿಸಿ ನಿರೂಪಕರೇ ಕನ್ನಡದಲ್ಲಿ ಹೇಳಿಬಿಡುವ ಆಸೆ ಹುಟ್ಟುತ್ತದೆ. ಅದಕ್ಕಿಂತ ತೆರೆಯ ಕೆಳಗೆ ಕನ್ನಡ ಸಾಲುಗಳನ್ನು ಕೊಟ್ಟು ಅವರ ಧ್ವನಿಯನ್ನು ಹಾಗೆಯೇ ಬಿಡುವುದು ಮೇಲು. ಓದಲು ಬಾರದವರೂ ನೋಡುವ ಚಿತ್ರವಾದರೆ ಕನ್ನಡ ಧ್ವನಿ ಬೇಕೇ ಬೇಕು. ಆದರೆ ಅದು ಬೇರೆಯವರ ಧ್ವನಿಯಾಗಿರಲಿ. ಒಂದೇ ಧ್ವನಿ ಅನುವಾದವನ್ನೂ ನಿರೂಪಣೆಯನ್ನೂ ಮಾಡಿದರೆ ಯಾವುದು ಉಸ್ತಾದರ ಅಭಿಪ್ರಾಯ, ಯಾವುದು ಚಿತ್ರ ಮಾಡಿದವರದ್ದು ಎಂಬ ವ್ಯತ್ಯಾಸ ಅಳಿಸಿಹೋಗುತ್ತದೆ.

ಇನ್ನೊಂದು ಸಂದರ್ಭ, ಮುಖ್ಯ ಸಂಗತಿಯನ್ನು ಅವರು ಚಿತ್ರದ ಮೊದಲಲ್ಲಿ ಹೇಳಿ, ಅದರ ಅಗತ್ಯ ಬಹಳ ಹೊತ್ತಿನ ಮೇಲೆ ಬೀಳುವುದು. ಆಗ ನೆನಪಿಸಬೇಕು, ಆದರೆ ಅವರ ಮಾತೆಂದೇ ನೆನಪಿಸಬೇಕು: 'ಉಸ್ತಾದರು ಹೇಳಿದ ಆ ಕತ್ತಲೆ ಕೋಣೆ ಇದೇ.' ಮಾಹಿತಿ ಅವರದ್ದಾಗಿ ಉಳಿಯುತ್ತದೆ, ನಿರೂಪಣೆ ಅದರತ್ತ ಬೆರಳು ಮಾಡುತ್ತದೆ.

ಧ್ವನಿ ಮುದ್ರಣಕ್ಕೆ ಹೋಗುವ ಮುನ್ನ ನಾನು ಎರಡು ಪರೀಕ್ಷೆ ಮಾಡುತ್ತೇನೆ. ಮೊದಲು ಚಿತ್ರವನ್ನು ಮುಚ್ಚಿ ನಿರೂಪಣೆಯನ್ನಷ್ಟೇ ಓದಿಸಿ ಕೇಳುತ್ತೇನೆ. ಅದು ತಾನೇ ಪೂರ್ಣ ಪ್ರಬಂಧದಂತೆ ಕೇಳಿದರೆ, ಉಸ್ತಾದರ ಮತ್ತು ಚಿತ್ರದ ಪಾಲನ್ನು ನಾನು ಕಸಿದುಕೊಂಡಿದ್ದೇನೆ ಎಂದರ್ಥ. ಅಲ್ಲಲ್ಲಿ ತುಂಡಾಗಿ, ಅರ್ಥವಾಗದೆ ಕೇಳಿದರೆ ಸರಿಯಾದ ದಾರಿಯಲ್ಲಿದೆ. ಎರಡನೆಯದಾಗಿ, ಆ ಹಾಳೆಯನ್ನು ಉಸ್ತಾದರ ಮುಂದೆ ಓದುತ್ತೇನೆ, ಅಗತ್ಯವಿದ್ದರೆ ಅವರ ಭಾಷೆಯಲ್ಲಿ ವಿವರಿಸುತ್ತೇನೆ. ಪಾಲಿನ ಲೆಕ್ಕ, ಪುಡಿಯ ಹೆಸರು, ಕೆಲಸದ ಕ್ರಮದಲ್ಲಿ ತಪ್ಪಿದ್ದರೆ ಅವರು ಅಲ್ಲೇ ಹಿಡಿಯುತ್ತಾರೆ. 'ಇದು ನಾ ಹೇಳೀನಲ್ರಿ' ಎಂದು ಅವರು ಎಲ್ಲಿ ತಡೆಯುತ್ತಾರೋ ಆ ಸಾಲನ್ನು ಹೊಡೆದುಹಾಕಿ ಅವರ ಮಾತನ್ನೇ ಇಟ್ಟುಕೊಳ್ಳುತ್ತೇನೆ. ಅಷ್ಟಾದ ಮೇಲೂ ಹಾಳೆಯಲ್ಲಿ ಉಳಿಯುವ ಸಾಲುಗಳು ಕಡಿಮೆಯೇ, ಆದರೆ ಒಂದನ್ನು ತೆಗೆದರೂ ಚಿತ್ರದಲ್ಲಿ ಏನೋ ಒಂದು ಅರ್ಥವಾಗದೆ ಉಳಿಯಬೇಕು. ಹಾಗೆ ಉಳಿಯದಿದ್ದರೆ ಆ ಸಾಲೂ ಬೇಡವಾದದ್ದೇ.